ಕಲ್ಲಿನ ಸುತ್ತಲಿನ ಕುರುಹುಗಳು

ಪಕ್ಕೆ ನೋವಿನಿಂದ ಹೊರಳಾಡುತ್ತ ಬಂದವರ ಮೂತ್ರನಾಳದಲ್ಲಿ ಕಲ್ಲು ಸಿಲುಕಿದೆಯೇ ಎಂಬುದನ್ನು ತಿಳಿಯಲು ಇಂದು ರಕ್ತನಾಳಕ್ಕೆ ಡೈ ಚುಚ್ಚಬೇಕಾಗಿಲ್ಲ. ಡೈ ಇಲ್ಲದ ಸಿ.ಟಿ. ಸ್ಕ್ಯಾನ್ ಕೆಲವೇ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ಆದರೆ ಆ ಉತ್ತರ ಯಾವಾಗಲೂ ಕಲ್ಲಿನ ಬಿಳಿ ಚುಕ್ಕೆಯಲ್ಲೇ ಇರುವುದಿಲ್ಲ. ಅನೇಕ ವೇಳೆ ಕಲ್ಲು ತನ್ನ ಮೇಲ್ಭಾಗದಲ್ಲಿ ಉಂಟುಮಾಡಿದ ಬದಲಾವಣೆಗಳೇ ಹೆಚ್ಚು ನಂಬಿಕೆಗೆ ಅರ್ಹವಾದ ಸಾಕ್ಷಿ.

1929ರಲ್ಲಿ ಬರ್ಲಿನ್‌ನಲ್ಲಿ ಮೋಸೆಸ್ ಸ್ವಿಕ್ ಅವರು ಅಯೋಡಿನ್ ಇರುವ ಔಷಧವನ್ನು ಅಭಿಧಮನಿಗೆ ಕೊಟ್ಟು ಮೂತ್ರಮಾರ್ಗದ ಎಕ್ಸ್‌ರೇ ತೆಗೆಯುವ ಕ್ರಮವನ್ನು ತೋರಿಸಿಕೊಟ್ಟರು. ಮುಂದಿನ ಆರು ದಶಕಗಳ ಕಾಲ ಕಲ್ಲಿನ ಪತ್ತೆಗೆ ಅದೇ ಆಧಾರವಾಗಿತ್ತು. ನಾಳ ಕಟ್ಟಿಕೊಂಡಾಗ ಡೈ ನಿಧಾನವಾಗಿ ಇಳಿಯುವುದರಿಂದ ರೋಗಿಯು ನೋವಿನಲ್ಲೇ ಗಂಟೆಗಟ್ಟಲೆ ಕಾದು ಮತ್ತೆ ಮತ್ತೆ ಚಿತ್ರ ತೆಗೆಸಿಕೊಳ್ಳಬೇಕಾಗುತ್ತಿತ್ತು. ಯೂರಿಕ್ ಆಮ್ಲದ ಕಲ್ಲುಗಳಂತೂ ಸಾದಾ ಎಕ್ಸ್‌ರೇಯಲ್ಲಿ ಕಾಣುತ್ತಲೇ ಇರಲಿಲ್ಲ. 1995ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಮಿತ್ ಮತ್ತು ಸಂಗಡಿಗರು ಡೈ ಇಲ್ಲದ ಸಿ.ಟಿ.ಯನ್ನು ಈ ಹಳೆಯ ಪರೀಕ್ಷೆಯೊಡನೆ ಹೋಲಿಸಿ ಪ್ರಕಟಿಸಿದರು. ಮರುವರ್ಷ ಅದೇ ತಂಡ, ಕಲ್ಲು ಸ್ಪಷ್ಟವಾಗಿ ಗುರುತಾಗದಿದ್ದಾಗಲೂ ನೆರವಾಗುವ ಕುರುಹುಗಳನ್ನು ಪರಿಶೀಲಿಸಿ, ಹಿಗ್ಗಿದ ಮೂತ್ರನಾಳ ಮತ್ತು ಕಿಡ್ನಿಯ ಸುತ್ತಲಿನ ಕೊಬ್ಬಿನಲ್ಲಿ ಮೂಡುವ ಎಳೆಗಳು ಒಟ್ಟಿಗೆ ಕಂಡರೆ ತಡೆ ಇರುವುದು ಬಹುಮಟ್ಟಿಗೆ ಖಚಿತವೆಂದು ತೋರಿಸಿತು.

ಈ ಎಳೆಗಳನ್ನು ನಾವು ಸ್ಟ್ರ್ಯಾಂಡಿಂಗ್ ಎನ್ನುತ್ತೇವೆ. ಸಿ.ಟಿ.ಯಲ್ಲಿ ಕೊಬ್ಬು ಒಂದೇ ಸಮನಾದ ಕಡು ಬೂದು ಬಣ್ಣದಲ್ಲಿ ಕಾಣಬೇಕು. ಮೂತ್ರ ಮುಂದೆ ಹೋಗದೆ ಕಿಡ್ನಿಯೊಳಗೆ ಒತ್ತಡ ಏರಿದಾಗ ದ್ರವವು ಹೊರಕ್ಕೆ ಜಿನುಗಿ ಕೊಬ್ಬಿನ ನಡುವಣ ತೆಳುಪೊರೆಗಳಲ್ಲಿ ಸೇರುತ್ತದೆ. ಆಗ ಹತ್ತಿಯನ್ನು ಹಿಂಜಿದಂತೆ ಬಿಳಿಯ ಎಳೆಗಳು ಕಾಣುತ್ತವೆ. ಇದಕ್ಕೆ ಸಮಯ ಬೇಕು. ನೋವು ಶುರುವಾದ ಒಂದೆರಡು ಗಂಟೆಯೊಳಗೆ ಸ್ಕ್ಯಾನ್ ಮಾಡಿದರೆ ನಾಳ ಹಿಗ್ಗಿದ್ದರೂ ಎಳೆಗಳು ಇನ್ನೂ ಮೂಡಿರದೆ ಇರಬಹುದು. ಆದ್ದರಿಂದ ನೋವು ಎಷ್ಟು ಹೊತ್ತಿಗೆ ಬಂತು ಎಂಬ ಪ್ರಶ್ನೆಯನ್ನು ಕೇಳದೆ ಚಿತ್ರವನ್ನು ಓದುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಶ್ರೀನಿವಾಸಪುರದ ಕಡೆಯ ಟೊಮೆಟೊ ಬೆಳೆಗಾರರೊಬ್ಬರ ಚಿತ್ರಗಳನ್ನು ಇಲ್ಲಿ ನೋಡೋಣ. ವಯಸ್ಸು ನಲವತ್ತೆರಡು. ರಾತ್ರಿ ಹತ್ತಕ್ಕೆ ಎಡ ಪಕ್ಕೆಯಲ್ಲಿ ನೋವು ಹಿಡಿದಿತ್ತು. ಸ್ಕ್ಯಾನ್ ಆಗುವಾಗ ಬೆಳಗಿನ ಜಾವ ನಾಲ್ಕು ಗಂಟೆ. ಸೊಂಟದ ಕೆಳಭಾಗದಲ್ಲಿ ಮೂರು ಬಿಳಿ ಚುಕ್ಕೆಗಳಿದ್ದವು, ಎಡಕ್ಕೆ ಒಂದು, ಬಲಕ್ಕೆ ಎರಡು. ಈ ಭಾಗದ ಅಭಿಧಮನಿಗಳಲ್ಲಿ ಸುಣ್ಣಗಟ್ಟಿದ ಹೆಪ್ಪುಗಳು, ಅಂದರೆ ಫ್ಲೆಬೊಲಿತ್‌ಗಳು, ಅನೇಕರಲ್ಲಿ ಇರುತ್ತವೆ ಮತ್ತು ನೋಡಲು ಕಲ್ಲಿನಂತೆಯೇ ಇರುತ್ತವೆ. ಹೀಗಾಗಿ ಚುಕ್ಕೆಯಿಂದ ಶುರುಮಾಡದೆ ಕಿಡ್ನಿಯಿಂದ ಶುರುಮಾಡಿದೆ. ಎಡ ಕಿಡ್ನಿ ಸ್ವಲ್ಪ ಊದಿತ್ತು, ಅದರ ಸುತ್ತ ಎಳೆಗಳಿದ್ದವು. ಬಲಗಡೆಯ ಕೊಬ್ಬು ಶುಭ್ರವಾಗಿತ್ತು. ಎಡ ಮೂತ್ರನಾಳ ಏಳು ಮಿಲಿಮೀಟರ್ ಅಗಲವಾಗಿತ್ತು. ಸಾಮಾನ್ಯವಾಗಿ ಅದು ಮೂರರ ಆಸುಪಾಸಿನಲ್ಲಿರುತ್ತದೆ. ಅದನ್ನು ಒಂದೊಂದೇ ಪದರದಲ್ಲಿ ಕೆಳಕ್ಕೆ ಹಿಂಬಾಲಿಸಿದಾಗ ಅದು ಮೂತ್ರಕೋಶದ ಗೋಡೆಯ ಬಳಿ, ನಾಲ್ಕು ಮಿಲಿಮೀಟರಿನ ಆ ಎಡ ಚುಕ್ಕೆಯಲ್ಲೇ ನಿಂತಿತು. ಬಲಗಡೆಯ ನಾಳ ಹಿಗ್ಗದೆ, ಎರಡು ಚುಕ್ಕೆಗಳ ಪಕ್ಕದಿಂದ ಹಾದುಹೋಗಿತ್ತು; ಅವು ಫ್ಲೆಬೊಲಿತ್‌ಗಳು.

ಚುಕ್ಕೆಯ ಸುತ್ತ ಉಂಗುರದಂತೆ ಊದಿದ ನಾಳದ ಗೋಡೆ ಕಂಡರೆ ಅದು ಕಲ್ಲೆಂಬುದಕ್ಕೆ ಇನ್ನೊಂದು ಬೆಂಬಲ. ಆದರೆ ಉಂಗುರ ಕಾಣದಿದ್ದರೆ ಕಲ್ಲಲ್ಲ ಎನ್ನಲಾಗದು. ದೊಡ್ಡ ಕಲ್ಲುಗಳಲ್ಲಿ ಗೋಡೆ ಹಿಗ್ಗಿ ತೆಳುವಾಗಿ ಉಂಗುರವೇ ಮಾಯವಾಗುತ್ತದೆ.

ಎಳೆಗಳೂ ದಾರಿ ತಪ್ಪಿಸಬಲ್ಲವು. ವಯಸ್ಸಾದವರಲ್ಲಿ ಯಾವ ತಡೆಯೂ ಇಲ್ಲದೆ ಎರಡೂ ಕಿಡ್ನಿಗಳ ಸುತ್ತ ಎಳೆಗಳಿರುವುದು ಸಾಮಾನ್ಯ, ಆದ್ದರಿಂದ ನೋವಿನ ಬದಿಯನ್ನು ಇನ್ನೊಂದು ಬದಿಯೊಡನೆ ಹೋಲಿಸಲೇಬೇಕು. ಕಿಡ್ನಿಯ ಸೋಂಕಿನಲ್ಲೂ ಎಳೆಗಳು ಮೂಡುತ್ತವೆ. ತಡೆಯ ಜೊತೆಗೆ ಜ್ವರವೂ ಇದ್ದರೆ ಕಲ್ಲು ತಾನಾಗಿ ಇಳಿಯಲೆಂದು ಕಾಯುವಂತಿಲ್ಲ. ಕಟ್ಟಿಕೊಂಡ ಮೂತ್ರಕ್ಕೆ ಕೂಡಲೇ ದಾರಿ ಮಾಡಿಕೊಡಬೇಕು. ಇನ್ನು ಎರಡೂ ಕುರುಹುಗಳಿದ್ದು ಕಲ್ಲು ಎಲ್ಲೂ ಸಿಗದಿದ್ದರೆ, ಅದು ಈಗಷ್ಟೇ ಹೊರಬಿದ್ದಿರಬಹುದು.

ಈ ರೈತರಲ್ಲಿ ಉಳಿದಿದ್ದುದು ಆ ಕೊನೆಯ ಸಂಶಯವೇ. ಕಲ್ಲು ನಾಳದ ತುದಿಯಲ್ಲಿ ಸಿಲುಕಿದೆಯೋ, ಆಗಲೇ ಮೂತ್ರಕೋಶಕ್ಕೆ ಬಿದ್ದು ಅದರ ಹಿಂಗೋಡೆಯ ಮೇಲೆ ಕುಳಿತಿದೆಯೋ ಎಂಬುದು ಅಂಗಾತ ಮಲಗಿಸಿದ ಚಿತ್ರದಲ್ಲಿ ತಿಳಿಯುವಂತಿರಲಿಲ್ಲ. ಬೋರಲು ಮಲಗಿಸಿ ಕೆಳಹೊಟ್ಟೆಯಷ್ಟನ್ನೇ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದೆ. ಮೂತ್ರಕೋಶದೊಳಗೆ ಬಿದ್ದಿದ್ದರೆ ಅದು ಮುಂದಿನ ಗೋಡೆಯ ಕಡೆಗೆ ಉರುಳಬೇಕಿತ್ತು. ಕಲ್ಲು ಇದ್ದ ಜಾಗದಿಂದ ಕದಲಿರಲಿಲ್ಲ.