ಉದ್ರಿ ಪುಸ್ತಕದ ವಾಕ್ಯಗಳನ್ನು ಕೋಷ್ಟಕಕ್ಕೆ ಇಳಿಸುವುದು ಹೇಗೆ?

ಓದುಗರ ಪ್ರಶ್ನೆ: ನಮ್ಮದು ಚಿಕ್ಕ ಕಿರಾಣಿ ಅಂಗಡಿ. ಉದ್ರಿ ಪುಸ್ತಕದಲ್ಲಿ ಪ್ರತಿ ಗಿರಾಕಿಯ ಲೆಕ್ಕವನ್ನೂ ಮಾತಾಡಿದ ಹಾಗೆ ವಾಕ್ಯದಲ್ಲೇ ಬರೆಯುತ್ತ ಬಂದಿದ್ದಾರೆ. ಅದನ್ನು ಕಂಪ್ಯೂಟರಿನಲ್ಲಿ ತಾರೀಕು, ವಿವರ, ಮೊತ್ತ, ಬಾಕಿ ಎಂದು ನಾಲ್ಕು ಕಾಲಂ ಮಾಡಿ ಹಾಕುತ್ತಿದ್ದೇನೆ. ಪುಸ್ತಕದಲ್ಲಿ ಕೊನೆಗೆ ಬರೆದ ಬಾಕಿಗೂ ಕೋಷ್ಟಕದ ಬಾಕಿಗೂ ತಾಳೆಯಾಗುತ್ತಿಲ್ಲ. ಸರಿಯಾದ ಕ್ರಮ ಯಾವುದು?

ಉತ್ತರ: ಒಬ್ಬ ಗಿರಾಕಿಯ ಪುಟವನ್ನು ಹಿಡಿದು ನೋಡೋಣ. ಇಂಥ ಪುಟ ಸಾಮಾನ್ಯವಾಗಿ ಹೀಗಿರುತ್ತದೆ:

> ಹಿಂದಿನ ಪುಸ್ತಕದ ಬಾಕಿ 1240. ಮಾರ್ಚ್ 24ಕ್ಕೆ ಸೋನಾ ಮಸೂರಿ 25 ಕೆಜಿ ಚೀಲ 1450, ತೊಗರಿಬೇಳೆ ಎರಡು ಕೆಜಿ 140ರಂತೆ ಒಯ್ದರು. 500 ಕೊಟ್ಟರು. ಯುಗಾದಿ ಹಿಂದಿನ ದಿನ ಬೆಲ್ಲ, ಎಣ್ಣೆ ಎಲ್ಲಾ ಸೇರಿ ಆರುನೂರ ಮೂವತ್ತು. ಹೊಸತೊಡಕಿನ ದಿನ ಫೋನಿನಲ್ಲಿ ಒಂದೂವರೆ ಸಾವಿರ ಹಾಕಿದರು, ಉಳಿದದ್ದು 1600. ಏಪ್ರಿಲ್ 2 ಎಣ್ಣೆ ಪ್ಯಾಕೆಟ್ ಒಂದು ವಾಪಸ್ 150. ಅದೇ ದಿನ ಮಗನ ಕೈಲಿ ನೋಟ್‌ಬುಕ್ ನಾಲ್ಕು, 45ರಂತೆ. 5ನೇ ತಾರೀಕು ಸಾವಿರ ಕೊಡ್ತೀನಿ ಅಂದಿದ್ದಾರೆ. ಬಾಕಿ 1930.

ಕೀಬೋರ್ಡಿಗೆ ಕೈ ಹಾಕುವ ಮೊದಲು ಪೆನ್ಸಿಲ್ ಹಿಡಿದು ಪುಟವನ್ನು ಒಮ್ಮೆ ಓದಿ, ಪ್ರತಿ ಅಂಕಿಯ ಪಕ್ಕದಲ್ಲಿ ಅದು ಯಾವ ಜಾತಿಯದು ಎಂದು ಗುರುತು ಹಾಕಿಕೊಳ್ಳಿ. ಪುಟದಲ್ಲಿರುವ ಅಂಕಿಗಳೆಲ್ಲ ಮೊತ್ತಗಳಲ್ಲ. ಇಲ್ಲಿ 25, 140, 45 ತೂಕ ಮತ್ತು ದರಗಳು, ಇವು ವಿವರದ ಕಾಲಮ್ಮಿಗೆ ಹೋಗುತ್ತವೆ. 1600 ಮತ್ತು 1930 ಬರೆದವರು ಆ ಹೊತ್ತಿಗೆ ಕೂಡಿ ಕಂಡ ಬಾಕಿ, ಹೊಸ ವ್ಯವಹಾರವಲ್ಲ. ಇವನ್ನು ಮೊತ್ತದ ಕಾಲಮ್ಮಿಗೆ ಹಾಕಿದರೆ ಹಳೆಯ ಸಾಲವೇ ಎರಡನೇ ಸಲ ಸೇರಿಬಿಡುತ್ತದೆ. ‘ಸಾವಿರ ಕೊಡ್ತೀನಿ’ ಎನ್ನುವುದು ಬರೀ ಮಾತು. ಹಣ ಬಂದ ದಿನ ಅದಕ್ಕೊಂದು ಸಾಲು, ಅಲ್ಲಿಯವರೆಗೆ ಇಲ್ಲ. ಮಿಕ್ಕಿದ್ದಷ್ಟೇ ಮೊತ್ತ.

ಮುಂದಿನ ತೀರ್ಮಾನ ಚಿಹ್ನೆಯದು. ಮೊತ್ತಕ್ಕೆ ಒಂದೇ ಕಾಲಂ ಇರುವುದರಿಂದ ಗಿರಾಕಿಯ ಸಾಲ ಹೆಚ್ಚಿಸುವುದೆಲ್ಲ ಪ್ಲಸ್, ತಗ್ಗಿಸುವುದೆಲ್ಲ ಮೈನಸ್ ಎಂದು ಗೊತ್ತುಮಾಡಿಕೊಂಡು ಕೊನೆತನಕ ಅದನ್ನೇ ಪಾಲಿಸಿ. ಒಯ್ದ ಸಾಮಾನು ಪ್ಲಸ್. ಕೊಟ್ಟ ನಗದು, ಫೋನಿನಲ್ಲಿ ಹಾಕಿದ್ದು, ವಾಪಸ್ ತಂದ ಸಾಮಾನು, ನೀವು ಬಿಟ್ಟುಕೊಟ್ಟ ಚಿಲ್ಲರೆ, ಎಲ್ಲವೂ ಮೈನಸ್. ಕಷ್ಟ ಬರುವುದು ‘500 ಕೊಟ್ಟದ್ದು’ ಎಂಬಂಥ ಬರಹದಲ್ಲಿ. ‘ಕೊಟ್ಟರು’ ಎಂದಿದ್ದರೆ ಗಿರಾಕಿ ಕೊಟ್ಟದ್ದು, ‘ಕೊಟ್ಟೆ’ ಎಂದಿದ್ದರೆ ಅಂಗಡಿಯಿಂದ ಹೋದ ಕೈಗಡ. ‘ಕೊಟ್ಟದ್ದು’ ಎಂದಷ್ಟೇ ಇದ್ದರೆ ಎರಡೂ ಆಗಬಹುದು. ಅಂದಾಜಿನಲ್ಲಿ ಚಿಹ್ನೆ ಹಾಕದೆ ಆ ಸಾಲಿಗೆ ಬಣ್ಣ ಬಳಿದು ಬಿಡಿ. ಅದರ ನಂತರ ಎಲ್ಲಾದರೂ ‘ಉಳಿದದ್ದು ಇಷ್ಟು’ ಎಂದು ಬರೆದಿದ್ದರೆ ಉತ್ತರ ಅಲ್ಲಿಯೇ ಸಿಗುತ್ತದೆ.

ತಾರೀಕಿನ ವಿಷಯಕ್ಕೆ ಬಂದರೆ, ಹಬ್ಬದ ಲೆಕ್ಕವನ್ನು ಆ ವರ್ಷದ ಕ್ಯಾಲೆಂಡರ್ ನೋಡಿಯೇ ಬಿಡಿಸಬೇಕು. ಈ ಪುಟ 2025ರದು ಎಂದುಕೊಳ್ಳಿ. ಆ ವರ್ಷ ಯುಗಾದಿ ಮಾರ್ಚ್ 30ರ ಭಾನುವಾರ ಬಂದಿತ್ತು. ಹಾಗಾಗಿ ‘ಹಿಂದಿನ ದಿನ’ 29, ಹೊಸತೊಡಕು 31. ಫೋನಿನಲ್ಲಿ ಬಂದ ಹಣಕ್ಕೆ ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲೂ ತಾರೀಕು ಇರುತ್ತದೆ, ಅದರೊಂದಿಗೆ ಹೋಲಿಸಿ ನೋಡಿದರೆ 31 ಖಾತ್ರಿಯಾಗುತ್ತದೆ. ಹಿಂದಿನ ಬಾಕಿಗೆ ತಾರೀಕಿಲ್ಲವೆಂದು ಆ ಮನೆಯನ್ನು ಖಾಲಿ ಬಿಡಬೇಡಿ. ಎಂದಾದರೂ ತಾರೀಕಿನ ಪ್ರಕಾರ ಸಾರ್ಟ್ ಮಾಡಿದರೆ ಖಾಲಿ ಮನೆಯ ಸಾಲು ಕೆಳಕ್ಕೆ ಹೋಗಿ ಕೂರುತ್ತದೆ. ಪುಟದ ಮೊದಲ ತಾರೀಕನ್ನೇ ಅದಕ್ಕೂ ಹಾಕಿ, ಸಾಲನ್ನು ಎಲ್ಲಕ್ಕಿಂತ ಮೇಲಿಡಿ.

ಟೈಪ್ ಮಾಡುವಾಗ 2025-03-24 ಎಂಬ ಕ್ರಮ ಸುರಕ್ಷಿತ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ 02/04/2025 ಎಂದು ಹೊಡೆದ ಏಪ್ರಿಲ್ 2 ಸದ್ದಿಲ್ಲದೆ ಫೆಬ್ರವರಿ 4 ಆಗುತ್ತದೆ. 24/03/2025 ಮಾತ್ರ ತಾರೀಕೇ ಆಗದೆ ಬರೀ ಅಕ್ಷರವಾಗಿ ಎಡಕ್ಕೆ ಅಂಟಿಕೊಳ್ಳುತ್ತದೆ. ಒಂದೇ ಕಾಲಮ್ಮಿನಲ್ಲಿ ಕೆಲವು ತಾರೀಕು ಎಡಕ್ಕೂ ಕೆಲವು ಬಲಕ್ಕೂ ನಿಂತಿದ್ದರೆ ಇದೇ ತೊಂದರೆ.

ಇನ್ನು ಮೊತ್ತ. ಮಾತಿನಲ್ಲಿರುವುದನ್ನು ಅಂಕಿ ಮಾಡುವಾಗ ‘ಒಂದೂವರೆ ಸಾವಿರ’ 1500, ‘ಒಂದೂಕಾಲು ಸಾವಿರ’ 1250, ‘ಸಾವಿರಕ್ಕೆ ಐವತ್ತು ಕಮ್ಮಿ’ 950. ‘140ರಂತೆ ಎರಡು ಕೆಜಿ’ ಇದ್ದಲ್ಲಿ ಗುಣಿಸಿದ 280ನ್ನು ಮೊತ್ತಕ್ಕೆ ಹಾಕಿ, ದರವನ್ನು ವಿವರದಲ್ಲಿ ಉಳಿಸಿ. ಯಾರಾದರೂ ಕೇಳಿದಾಗ 280 ಎಲ್ಲಿಂದ ಬಂತೆಂದು ತೋರಿಸಲು ಬೇಕಾಗುತ್ತದೆ. ‘ಎಲ್ಲಾ ಸೇರಿ 630’ ಎಂದಿರುವುದನ್ನು ಬೆಲ್ಲಕ್ಕಿಷ್ಟು ಎಣ್ಣೆಗಿಷ್ಟು ಎಂದು ಒಡೆಯಲು ಹೋಗಬೇಡಿ, ಪುಸ್ತಕ ಹೇಳದ್ದನ್ನು ಕೋಷ್ಟಕವೂ ಹೇಳಬಾರದು. ಹಾಗೆಯೇ 24ರಂದು ಒಯ್ದದ್ದರಲ್ಲಿ 500 ಕಳೆದು 1230 ಎಂದು ಒಂದೇ ಸಾಲು ಮಾಡುವುದೂ ಬೇಡ. ಆ 500 ರೂಪಾಯಿ ಕೊಟ್ಟದ್ದಕ್ಕೆ ದಾಖಲೆಯೇ ಇಲ್ಲದಂತಾಗುತ್ತದೆ.

ಇಷ್ಟಾದ ಮೇಲೆ ಕೋಷ್ಟಕ ಹೀಗೆ ನಿಲ್ಲುತ್ತದೆ:

| ತಾರೀಕು | ವಿವರ | ಮೊತ್ತ | ಬಾಕಿ |
|---|---|---:|---:|
| 2025-03-24 | ಹಿಂದಿನ ಪುಸ್ತಕದ ಬಾಕಿ | 1240 | 1240 |
| 2025-03-24 | ಸೋನಾ ಮಸೂರಿ 25 ಕೆಜಿ ಚೀಲ | 1450 | 2690 |
| 2025-03-24 | ತೊಗರಿಬೇಳೆ 2 ಕೆಜಿ, 140ರಂತೆ | 280 | 2970 |
| 2025-03-24 | ನಗದು ಬಂದದ್ದು | -500 | 2470 |
| 2025-03-29 | ಬೆಲ್ಲ, ಎಣ್ಣೆ ಇತ್ಯಾದಿ ಸೇರಿ | 630 | 3100 |
| 2025-03-31 | ಫೋನಿನಲ್ಲಿ ಬಂದದ್ದು | -1500 | 1600 |
| 2025-04-02 | ಎಣ್ಣೆ ಪ್ಯಾಕೆಟ್ 1 ವಾಪಸ್ | -150 | 1450 |
| 2025-04-02 | ನೋಟ್‌ಬುಕ್ 4, 45ರಂತೆ (ಮಗನ ಕೈಲಿ) | 180 | 1630 |

ಬಾಕಿಯ ಕಾಲಮ್ಮನ್ನು ಕೈಯಿಂದ ತುಂಬಬೇಡಿ, ಸೂತ್ರಕ್ಕೆ ಬಿಡಿ. ತಲೆಬರಹ 1ನೇ ಸಾಲಿನಲ್ಲಿದ್ದು ಮೊತ್ತ C ಕಾಲಮ್ಮಿನಲ್ಲಿದ್ದರೆ, D2ರಲ್ಲಿ ಇದನ್ನು ಬರೆದು ಕೆಳಗಿನವರೆಗೆ ಎಳೆಯಿರಿ:

```
=SUM(C$2:C2)
```

ಹೆಚ್ಚಿನವರು D3ರಲ್ಲಿ `=D2+C3` ಎಂದು ಮೇಲಿನ ಬಾಕಿಗೆ ಈ ಮೊತ್ತ ಕೂಡಿಸುತ್ತಾರೆ. ಲೆಕ್ಕವೇನೋ ಸರಿ, ಆದರೆ ಬಿಟ್ಟುಹೋದ ಸಾಲೊಂದನ್ನು ಆಮೇಲೆ ನಡುವೆ ತೂರಿಸಿದರೆ ಅದರ ಕೆಳಗಿನ ಸೂತ್ರ ಹೊಸ ಸಾಲನ್ನು ದಾಟಿ ಹಳೆಯ ಬಾಕಿಯನ್ನೇ ಹಿಡಿದಿರುತ್ತದೆ. ಹೊಸ ಮೊತ್ತ ಕಣ್ಣಿಗೆ ಕಾಣುತ್ತದೆ, ಕೊನೆಯ ಬಾಕಿಗೆ ಸೇರಿರುವುದಿಲ್ಲ. `SUM` ಇದ್ದರೆ ವ್ಯಾಪ್ತಿ ತಾನೇ ಹಿಗ್ಗುತ್ತದೆ, ಹೊಸ ಸಾಲಿನ D ಮನೆಗೆ ಮಾತ್ರ ಸೂತ್ರ ನಕಲು ಮಾಡಬೇಕು.

ಆದರೆ `SUM`ಗೂ ಒಂದು ದೋಷವಿದೆ. ನೀವು ‘450/-’ ಅಥವಾ ‘450 ರೂ.’ ಎಂದು ಹೊಡೆದರೆ ಅದು ಅಂಕಿಯಲ್ಲ, ಅಕ್ಷರ. `=D2+C3` ಇದ್ದಿದ್ದರೆ `#VALUE!` ಎಂದು ಕೂಗಿ ಹೇಳುತ್ತಿತ್ತು, `SUM` ಅದನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಮೊತ್ತ ಇದ್ದೂ ಬಾಕಿ ಮೇಲಿನ ಸಾಲಿನದ್ದೇ ಉಳಿದಿದ್ದರೆ ಹೀಗಾಗಿದೆಯೆಂದು ತಿಳಿಯಿರಿ. ಖಾಲಿ ಮನೆಯೊಂದರಲ್ಲಿ ಇದನ್ನೂ ಹಾಕಿಡಿ:

```
=COUNT(C2:C9)
```

ಇದು ನಿಜವಾದ ಅಂಕಿಗಳನ್ನಷ್ಟೇ ಎಣಿಸುತ್ತದೆ. ನಮ್ಮ ಎಂಟು ಸಾಲಿಗೆ 8 ಬರಬೇಕು, 7 ಬಂದರೆ ಎಲ್ಲೋ ಒಂದು ಅಕ್ಷರ ಕೂತಿದೆ. ರೂಪಾಯಿ ಚಿಹ್ನೆ ಬೇಕೇಬೇಕೆಂದರೆ ಬರೀ ಅಂಕಿ ಹೊಡೆದು ಫಾರ್ಮ್ಯಾಟ್‌ನಲ್ಲಿ ಆರಿಸಿಕೊಳ್ಳಿ.

ಈಗ ತಾಳೆಯ ವಿಷಯ. ಬದಿಗಿಟ್ಟಿದ್ದ 1600 ಮತ್ತು 1930 ಈಗ ಕೆಲಸಕ್ಕೆ ಬರುತ್ತವೆ. ತಾತ್ಕಾಲಿಕವಾಗಿ E ಕಾಲಂ ಮಾಡಿ, ಪುಸ್ತಕದಲ್ಲಿ ಬಾಕಿ ಬರೆದಿರುವ ಸಾಲುಗಳ ಎದುರು ಅದನ್ನು ಹಾಗೆಯೇ ಇಳಿಸಿ. ಮಾರ್ಚ್ 31ರಲ್ಲಿ ಎರಡೂ 1600, ಸರಿಯಿದೆ. ಕೊನೆಯಲ್ಲಿ ಪುಸ್ತಕ 1930, ಕೋಷ್ಟಕ 1630. ಹಾಗಾದರೆ ತಪ್ಪು ಹುಡುಕಬೇಕಾದದ್ದು 31ರ ನಂತರದ ಎರಡು ಸಾಲಿನಲ್ಲಿ, ಇಡೀ ಪುಟದಲ್ಲಲ್ಲ. (ಒಂದನ್ನೊಂದು ಹೊಡೆದುಹಾಕುವ ಎರಡು ತಪ್ಪುಗಳು 31ರ ಮುಂಚೆ ಅಡಗಿರಬಹುದು. ಅದು ಅಪರೂಪ, ಆದರೂ ನೆನಪಿರಲಿ.)

ವ್ಯತ್ಯಾಸ 300. ಮೊದಲು ಅಷ್ಟೇ ಮೊತ್ತದ ಸಾಲಿದೆಯೇ ನೋಡಿ. ಇದ್ದರೆ ಅದು ಬಿಟ್ಟುಹೋಗಿರುತ್ತದೆ ಇಲ್ಲವೇ ಎರಡು ಸಲ ಸೇರಿರುತ್ತದೆ. ಇಲ್ಲಿ 300ರ ಸಾಲಿಲ್ಲ. ಆಗ ಅರ್ಧ ಮಾಡಿ: 150. ಅದೋ, ವಾಪಸ್ ಬಂದ ಎಣ್ಣೆ ಪ್ಯಾಕೆಟ್! ಕಳೆಯಬೇಕಾದ 150ನ್ನು ಕೂಡಿಸಿದರೆ ಬಾಕಿ ಅದರ ಎರಡರಷ್ಟು ಹೆಚ್ಚು ಬರುತ್ತದೆ. 1600ಕ್ಕೆ 150 ಮತ್ತು 180 ಎರಡನ್ನೂ ಕೂಡಿದರೆ ಸರಿಯಾಗಿ 1930. ತಪ್ಪಿರುವುದು ಪುಸ್ತಕದ ಕೂಡಿಕೆ, ನಿಮ್ಮ ಕೋಷ್ಟಕವಲ್ಲ. ವಾಕ್ಯದಲ್ಲಿ ಬರೆದ ಲೆಕ್ಕದಲ್ಲಿ ಈ ತಪ್ಪು ಬಹಳ ಸುಲಭವಾಗಿ ಆಗುತ್ತದೆ, ಸಾಮಾನಿನ ಹೆಸರೂ ಅಂಕಿಯೂ ಕಂಡ ಕೂಡಲೇ ಕೈ ಕೂಡಿಸುತ್ತ ಹೋಗುತ್ತದೆ.

ಅರ್ಧ ಮಾಡಿಯೂ ಸಿಗದಿದ್ದರೆ ವ್ಯತ್ಯಾಸವನ್ನು 9ರಿಂದ ಭಾಗಿಸಿ. ಶೇಷವಿಲ್ಲದೆ ಹೋದರೆ ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು. 630ನ್ನು 360 ಎಂದು ಹೊಡೆದರೆ ವ್ಯತ್ಯಾಸ 270, ಅಂದರೆ 9 ಮೂವತ್ತಲಿ. 9ರಿಂದ ಭಾಗವಾಗುವ ವ್ಯತ್ಯಾಸ ಬೇರೆ ಕಾರಣಕ್ಕೂ ಬರಬಹುದು, ಆದ್ದರಿಂದ ಇದು ಸುಳಿವು ಮಾತ್ರ.

ನಡುವಿನ ಬಾಕಿ ತಾಳೆಯಾಗದೆ ಕೊನೆಯದು ಮಾತ್ರ ತಾಳೆಯಾಗುವುದೂ ಉಂಟು. ‘ಮೊನ್ನೆ ಬರೆಯಲು ಮರೆತದ್ದು’ ಎಂದು ತಡವಾಗಿ ಸೇರಿಸಿದ ಬಾಬನ್ನು ನೀವು ನಿಜವಾದ ತಾರೀಕಿಗೆ ಸರಿಸಿದಾಗ ಹೀಗಾಗುತ್ತದೆ. ಅದು ತಪ್ಪಲ್ಲ. ತಾಳೆ ನೋಡುವವರೆಗೆ ಪುಸ್ತಕದ ಕ್ರಮದಲ್ಲೇ ಇಟ್ಟು, ಆಮೇಲೆ ಸಾರ್ಟ್ ಮಾಡಿದರೆ ಈ ಗೊಂದಲವೇ ಇರುವುದಿಲ್ಲ.

ಒಂದನ್ನು ಮಾತ್ರ ಮಾಡಬೇಡಿ: ಪುಸ್ತಕಕ್ಕೆ ಸರಿಹೊಂದಲೆಂದು ಕೋಷ್ಟಕದ ಕೊನೆಗೆ ‘ವ್ಯತ್ಯಾಸ 300’ ಎಂಬ ಸಾಲು. ಹಾಗೆ ಮಾಡಿದರೆ ಒಂದು ಕೂಡಿಕೆಯ ತಪ್ಪು ಗಿರಾಕಿಯ ಮೇಲಿನ ಸಾಲವಾಗಿ ನಿಂತುಬಿಡುತ್ತದೆ. ಪುಸ್ತಕದ 1930ರ ಮೇಲೆ ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ 1630 ಎಂದು ತಾರೀಕಿನ ಸಮೇತ ಬರೆದು, ಗಿರಾಕಿ ಬಂದಾಗ ತೋರಿಸಿ. ಅವರು ಅಷ್ಟರಲ್ಲಿ 1930 ಕೊಟ್ಟು ಹೋಗಿದ್ದರೆ ಅದನ್ನು -1930 ಎಂದೇ ಹಾಕಿ. ಬಾಕಿಯಲ್ಲಿ -300 ಬರುತ್ತದೆ. ಅದು ಅಂಗಡಿಯಲ್ಲಿ ಉಳಿದಿರುವ ಅವರ ಹಣ, ಮುಂದಿನ ಸಾಮಾನಿನಲ್ಲಿ ತಾನಾಗಿ ಮುರಿದುಹೋಗುತ್ತದೆ.