‘ಮಾಂದೆ’ ಅಂದ್ರೆ ಸಾಲದ ಬಾಕಿ ಅಲ್ಲ

ಟೊರಾಂಟೊದಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕಿದ್ದ ಇರಾನಿ ಎಂಜಿನಿಯರ್ ಒಬ್ಬರು ನನಗೆ ಶೀರಾಜ್‌ನ ತಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ಕಳಿಸಿದರು. ಜೊತೆಗೆ ಬೇರೊಬ್ಬರು ಮಾಡಿದ್ದ ಇಂಗ್ಲಿಷ್ ಅನುವಾದವೂ ಇತ್ತು. ಅದನ್ನು ಓದಿದ ಸಾಲದ ಅಧಿಕಾರಿ, ‘ಇರಾನ್‌ನಲ್ಲಿ ನಿಮಗಿರುವ ಸಾಲದ ವಿವರ ಕೊಡಿ’ ಎಂದು ಕೇಳಿದ್ದರು. ಇವರಿಗೆ ಅಲ್ಲಿ ಸಾಲವೇ ಇರಲಿಲ್ಲ.

ತಪ್ಪಿದ್ದದ್ದು ಕಾಲಂಗಳ ತಲೆಬರಹದಲ್ಲಿ. ಫಾರ್ಸಿಯಲ್ಲಿ ‘ಬೆದೆಹ್‌ಕಾರ್’ ಅಂದರೆ ಸಾಲಗಾರ, ‘ಬೆಸ್ತಾನ್‌ಕಾರ್’ ಅಂದರೆ ಸಾಲ ಕೊಟ್ಟವನು. ಆದರೆ ಸ್ಟೇಟ್‌ಮೆಂಟಿನಲ್ಲಿ ಇವು ಸುಮ್ನೆ ಡೆಬಿಟ್, ಕ್ರೆಡಿಟ್. ನಮ್ಮ ಹಳೆಯ ಲೆಕ್ಕದ ಪುಸ್ತಕದ ಖರ್ಚು, ಜಮಾ ಇದ್ದ ಹಾಗೆ. ಮೂರನೆಯ ಕಾಲಂ ‘ಮಾಂದೆ’, ಅಂದರೆ ಉಳಿದದ್ದು. ಕನ್ನಡದ ‘ಬಾಕಿ’ಗೂ ಇದೇ ತೊಡಕು ಅಲ್ವಾ? ಕೈಯಲ್ಲಿ ಉಳಿದದ್ದೂ ಬಾಕಿ, ಕೊಡಬೇಕಾದದ್ದೂ ಬಾಕಿ. ಅನುವಾದಕರು ಅದನ್ನು ‘ಔಟ್‌ಸ್ಟ್ಯಾಂಡಿಂಗ್’ ಎಂದು ಬರೆದಿದ್ದರು. ಸಾಲದ ಅಧಿಕಾರಿಯ ಕಣ್ಣಿಗೆ ಅದು ತೀರಿಸಬೇಕಾದ ಹಣ. ಬರೆಯಬೇಕಾದದ್ದು ಬರೀ ‘ಬ್ಯಾಲೆನ್ಸ್’.

ಅನುಮಾನ ಬಂದರೆ ನಾನು ಡಿಕ್ಷನರಿಗಿಂತ ಮೊದಲು ಕೂಡಿ ಕಳೆದು ನೋಡುತ್ತೇನೆ. ಆ ಹಾಳೆಯ ಒಂದು ಸಾಲಿನ ಉದಾಹರಣೆ ಕೊಡುತ್ತೇನೆ. ಅದರ ಹಿಂದಿನ ಮಾಂದೆ 48 ಕೋಟಿ. ಬೆಸ್ತಾನ್‌ಕಾರ್ ಕಾಲಂನಲ್ಲಿ ಎರಡೂವರೆ ಕೋಟಿ. ಹೊಸ ಮಾಂದೆ 50.5 ಕೋಟಿ. ಹಣ ಒಳಗೆ ಬಂದಿದೆ, ಹಾಗಾಗಿ ಇದು ಕ್ರೆಡಿಟ್.

ಈ ಮೊತ್ತಗಳೆಲ್ಲ ರಿಯಾಲ್‌ನಲ್ಲಿವೆ. ಇರಾನಿನವರು ಮಾತಿನಲ್ಲಿ ತೊಮಾನ್ ಅನ್ನುತ್ತಾರೆ. ಹತ್ತು ರಿಯಾಲ್‌ಗೆ ಒಂದು ತೊಮಾನ್. ಇವರು ಅರ್ಜಿಯಲ್ಲಿ ಈ ಎರಡೂವರೆ ಕೋಟಿಯನ್ನು 25 ಲಕ್ಷ ಎಂದು, ತೊಮಾನ್ ಲೆಕ್ಕದಲ್ಲಿ, ತುಂಬಿದ್ದರು. ಅರ್ಜಿಗೂ ಸ್ಟೇಟ್‌ಮೆಂಟಿಗೂ ಹತ್ತು ಪಟ್ಟು ವ್ಯತ್ಯಾಸ! ಅನುವಾದಕರು ಇಲ್ಲಿ ಅಂಕಿ ಬದಲಿಸಬಾರದು. ಮುದ್ರಿತ ರಿಯಾಲನ್ನೇ ಉಳಿಸಿ, ಅರ್ಜಿಯನ್ನು ತಿದ್ದಲು ಗ್ರಾಹಕರಿಗೆ ಹೇಳಬೇಕು. ಡಾಲರ್‌ಗೆ ಬದಲಿಸುವುದೂ ನಮ್ಮ ಕೆಲಸವಲ್ಲ.

ಅದೇ ಸಾಲಿನ ತಾರೀಖು 1403/07/15. ಇಲ್ಲಿ 07 ಜುಲೈ ಅಲ್ಲ, ಮೆಹ್ರ್ ತಿಂಗಳು. ಇರಾನಿನ ವರ್ಷ ಮಾರ್ಚ್‌ನಲ್ಲಿ ಶುರುವಾಗುತ್ತದೆ, ಹಾಗಾಗಿ ಇದು 2024ರ ಅಕ್ಟೋಬರ್ 6. ನಾನು ಎರಡೂ ತಾರೀಖು ಪಕ್ಕಪಕ್ಕ ಬರೆಯುತ್ತೇನೆ. ಮೂಲದೊಂದಿಗೆ ತಾಳೆ ನೋಡುವವರಿಗೆ ಹಳೆಯದೂ ಬೇಕು.

ವಿವರದಲ್ಲಿ ‘ಸೂದ್’ ಎಂದಿತ್ತು. ಹಿಂದಿಯಲ್ಲಿ ಇದು ಬಡ್ಡಿ, ಇಂದಿನ ಫಾರ್ಸಿಯಲ್ಲಿ ಲಾಭ. ಇರಾನ್‌ನಲ್ಲಿ 1983ರ ಬಡ್ಡಿರಹಿತ ಬ್ಯಾಂಕಿಂಗ್ ಕಾನೂನಿನ ನಂತರ ಠೇವಣಿಗೆ ಬ್ಯಾಂಕು ಕೊಡುವುದಕ್ಕೂ ಇದೇ ಹೆಸರು. ಬರೀ ‘ಪ್ರಾಫಿಟ್’ ಎಂದು ಬರೆದರೆ ವ್ಯಾಪಾರದ ಆದಾಯ ಅನ್ನಿಸುತ್ತದೆ. ‘ಇಂಟರೆಸ್ಟ್’ ಎಂದರೆ ಮೂಲದಲ್ಲಿಲ್ಲದ ಪದ ಸೇರಿಸಿದಂತೆ. ನಾನು ‘ಠೇವಣಿಯ ಲಾಭ’ ಎಂಬರ್ಥ ಬರುವಂತೆ ಬರೆದು, ಇದು ಅಲ್ಲಿ ಬಡ್ಡಿಯ ಜಾಗದಲ್ಲಿ ಬರುವ ಹಣ ಎಂದು ಪುಟದ ಕೆಳಗೆ ಅನುವಾದಕರ ಟಿಪ್ಪಣಿ ಹಾಕಿದೆ.