ಏಣಿ ನಿಲ್ಲಬೇಕು, ಮಂಜು ಮಲಗಬೇಕು

ಕಕ್ಕಬ್ಬೆ ಹತ್ತಿರ ನಮ್ಮಕ್ಕನ ಹೋಂಸ್ಟೇ ಇದೆ. ಮೆಣಸು ಕೊಯ್ಯುವ ಸಮಯದಲ್ಲಿ ಒಂದು ಚೆಂದದ ಫೋಟೋ ತೆಗೆಸಿದಳು. ಬಿದಿರಿನ ಏಣಿ ಮೇಲೆ ಒಬ್ಬರು, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಬಳ್ಳಿ, ಹಿಂದೆ ಬೆಟ್ಟ, ಮಂಜು. ಡಿಸೈನ್ ಮಾಡುವವನಿಗೆ ಒಂದೇ ಸಾಲು ಬರೆದಳು: "ಸುಂದರವಾದ ಕಾಫಿ ತೋಟ, ಇನ್‌ಸ್ಟಾಗ್ರಾಂ ಸ್ಟೋರಿಗೂ ವೆಬ್‌ಸೈಟ್ ಬ್ಯಾನರ್‌ಗೂ." ಸ್ಟೋರಿಯಲ್ಲಿ ಬೆಟ್ಟ ಮಾಯ. ಬ್ಯಾನರಿನಲ್ಲಿ ಏಣಿಯವರ ತಲೆಯೇ ಇಲ್ಲ.

"ಅವನಿಗೆ ಗೋಲ್ಡನ್ ರೇಶಿಯೋ ಗೊತ್ತಿಲ್ಲ ಕಣೋ" ಅಂದಳು ಅಕ್ಕ. ಉದ್ದ ಅಗಲದ 1.618 ಪಟ್ಟು ಇದ್ದರೇ ಚೆಂದ ಅನ್ನೋ ಈ ಲೆಕ್ಕ ವಾಸ್ತು ಥರ ಆಗಿಬಿಟ್ಟಿದೆ. ಸ್ಟೋರಿಯ 9:16 ಅಂದರೆ 1.78. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್, ಆಗ ಬಳಕೆಯಲ್ಲಿದ್ದ ಸಿನಿಮಾ, ಟಿವಿ ಚೌಕಟ್ಟುಗಳನ್ನು ಸಮಾನ ವಿಸ್ತೀರ್ಣಕ್ಕೆ ಕತ್ತರಿಸಿ ಒಂದರ ಮೇಲೊಂದು ಇಟ್ಟು ನೋಡಿದರು. ಎಲ್ಲಕ್ಕೂ ಹೊಂದುವ ರಾಜಿ 16:9 ಬಂತು. ಫೋನು ಅದನ್ನೇ ಎದ್ದು ನಿಲ್ಲಿಸಿತು. ಇದರಲ್ಲಿ ದೈವರಹಸ್ಯ ಏನೂ ಇಲ್ಲ.

ತಲೆ ಹೋಗಿದ್ದು ಬರೀ ಲೆಕ್ಕದಿಂದ. ಕ್ಯಾಮೆರಾ ಫೋಟೋ 6000×4000 ಪಿಕ್ಸೆಲ್ ಇತ್ತು. ಅದರಿಂದ 9:16 ಕತ್ತರಿಸಿದರೆ ಉಳಿಯುವ ಅಗಲ 2250, ಅಂದರೆ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ. ಬ್ಯಾನರ್ 1920×600. ಆ ಅಳತೆಗೆ ಎತ್ತರದಲ್ಲಿ ಸಿಗೋದು 1875, ಅರ್ಧಕ್ಕೂ ಕಡಿಮೆ. ಹಾಗಾಗಿ ಒಂದೇ ಫೋಟೋ ಎರಡಕ್ಕೂ ಒದಗೋದು ಕಷ್ಟ.

ನನಗೆ ಇದಕ್ಕಿಂತ ಮಜಾ ಅನ್ನಿಸೋದು ಕಣ್ಣಿನ ವಿಷಯ. ನಮ್ಮ ಕಣ್ಣು ಸ್ಪಷ್ಟವಾಗಿ ನೋಡೋದು ಸುಮಾರು 2 ಡಿಗ್ರಿ ಮಾತ್ರ, ಕೈ ಚಾಚಿ ಹಿಡಿದ ಹೆಬ್ಬೆರಳ ಉಗುರಿನಷ್ಟು. ಉಳಿದದ್ದೆಲ್ಲ ಮಸುಕು. ರಾತ್ರಿ ತೋಟದಲ್ಲಿ ಟಾರ್ಚ್ ಹಿಡಿದು ನಡೆದ ಹಾಗೆ. ಅಥವಾ ಅಕ್ಕಿಯಲ್ಲಿ ಕಲ್ಲು ಆರಿಸೋ ಬೆರಳಿನ ಹಾಗೆ: ಒಂದು ಕಡೆ ಮುಟ್ಟಿ, ಹಾರಿ, ಇನ್ನೊಂದು ಕಡೆ. 30 ಸೆಂ.ಮೀ. ದೂರದಲ್ಲಿ ಹಿಡಿದ ಫೋನಿನಲ್ಲಿ ಸ್ಟೋರಿ ಸುಮಾರು 13 ಡಿಗ್ರಿ ಅಗಲ, 23 ಡಿಗ್ರಿ ಎತ್ತರ. 60 ಸೆಂ.ಮೀ. ದೂರದ ಲ್ಯಾಪ್‌ಟಾಪಿನಲ್ಲಿ ಬ್ಯಾನರ್ 32 ಡಿಗ್ರಿ ಅಗಲ, 10 ಡಿಗ್ರಿ ಎತ್ತರ. ಟಾರ್ಚ್ ಒಂದರಲ್ಲಿ ಮರ ಹತ್ತಬೇಕು, ಇನ್ನೊಂದರಲ್ಲಿ ಗದ್ದೆ ದಾಟಬೇಕು.

ಕೊಡಗಿನಲ್ಲಿ ಎರಡಕ್ಕೂ ಸಾಮಾನು ಸಿದ್ಧವಾಗೇ ಇದೆ. ಓಕ್, ಬಳ್ಳಿ, ಏಣಿ ನಿಲುವಿಗೆ. ಗದ್ದೆ, ಮಂಜು, ತಡಿಯಂಡಮೋಳ್ ಬೆಟ್ಟದ ಸಾಲು ಅಡ್ಡಕ್ಕೆ. ಅದನ್ನ ಮಾತಿನಲ್ಲಿ ಹೇಳಬೇಕು ಅಷ್ಟೆ. "ಸುಂದರ" ಅಂದರೆ ಯಾರಿಗೂ ಏನೂ ಗೊತ್ತಾಗಲ್ಲ. ಯಾವುದು ಎಲ್ಲಿ, ಖಾಲಿ ಎಲ್ಲಿ, ಕ್ಯಾಮೆರಾ ಎಲ್ಲಿ ಅಂತ ಬರೀಬೇಕು. ಸ್ಟೋರಿಗೆ ನಾವು ಹೊಸದಾಗಿ ಬರೆದದ್ದು ಹೀಗೆ:

"ನಿಲುವು ಚಿತ್ರ, 1080×1920. ಮರದ ಬುಡದಿಂದ ಮೇಲಕ್ಕೆ ನೋಡುವಂತೆ. ಏಣಿ ಮೇಲಿನವರ ಮುಖ ಮತ್ತು ಕೈ ನಡುಭಾಗದಲ್ಲಿ. ಮೇಲೆ ಬರೀ ಎಲೆ, ಕೆಳಗಿನ ಐದನೇ ಒಂದು ಪಾಲು ತರಗೆಲೆ ನೆಲ."

ಆ ಎಲೆ, ತರಗೆಲೆ ಸುಮ್ನೆ ಅಲ್ಲ. ಮೇಲಿನ ಸುಮಾರು 250 ಪಿಕ್ಸೆಲ್ ಮೇಲೆ ಅಕೌಂಟಿನ ಹೆಸರು ಕೂರುತ್ತೆ. ಕೆಳಗಿನ ಸುಮಾರು 340ರಲ್ಲಿ ಬಟನ್ ಬರುತ್ತೆ. ಅಲ್ಲಿ ಮುಖವನ್ನೋ ರೂಮಿನ ರೇಟನ್ನೋ ಇಟ್ಟರೆ ಮುಚ್ಚಿಹೋಗುತ್ತೆ. ನಮಗೆ ನಿಜವಾಗಿ ಸಿಗೋದು ನಡುವಿನ 1330.

ಬ್ಯಾನರಿಗೆ: "ಅಡ್ಡ ಚಿತ್ರ, 1920×600. ಕಣ್ಣಿನ ಮಟ್ಟದಿಂದ, ದೂರದಿಂದ. ಗದ್ದೆ ಬದುವಿನ ಮೇಲೆ ನಡೆಯುವವರು ಬಲಗಡೆ ಮೂರನೇ ಒಂದು ಭಾಗದಲ್ಲಿ, ಎಡಕ್ಕೆ ಮುಖ ಮಾಡಿ, ತಲೆ ಮೇಲೆ ಜಾಗ ಬಿಟ್ಟು. ಎಡಗಡೆ ಅರ್ಧ ಬರೀ ಮಂಜು." ಆ ಮಂಜಿನ ಮೇಲೆ ಅಕ್ಷರ. ನಡೆಯುವವರು ನೋಡುವ ಕಡೆಗೇ ನಮ್ಮ ಕಣ್ಣೂ ಹೋಗುತ್ತೆ ಅಲ್ವಾ, ಅದಕ್ಕೇ ಎಡಕ್ಕೆ.

ಲ್ಯಾಪ್‌ಟಾಪಿನಲ್ಲಿ ಚೆನ್ನಾಗೇ ಕಂಡಿತು. ಸಂಜೆ ಅಕ್ಕ ಫೋನ್ ಮಾಡಿದಳು: "ತಮ್ಮಾ, ನನ್ನ ಮೊಬೈಲಲ್ಲಿ ಬರೀ ಮಂಜೇ ಕಾಣ್ತಿದೆ. ಆ ಮನುಷ್ಯ ಎಲ್ಲಿ?"

ನನ್ನದೇ ತಪ್ಪು. ಅದೇ ಬ್ಯಾನರ್ ಫೋನಿನಲ್ಲಿ 390×400ರ ಚೌಕದೊಳಗೆ ಕೂರಬೇಕಿತ್ತು. ಎತ್ತರ ತುಂಬಲು ಚಿತ್ರ 1280×400ಕ್ಕೆ ಇಳಿಯಿತು. ಕಂಡದ್ದು ನಟ್ಟನಡುವಿನ 390, ಅಂದರೆ ಹತ್ತರಲ್ಲಿ ಮೂರು ಪಾಲು. ಬಲಗಡೆ ನಡೆಯುತ್ತಿದ್ದವರು ಹೊರಗೇ ಉಳಿದರು. ನಡುವಿನ ಬದಲು ಬಲಕ್ಕೆ ಹಿಡಿ ಅಂತ ವೆಬ್‌ಸೈಟಿನ ಕೋಡಿನಲ್ಲಿ ಹೇಳಿದೆವು:

```css
.banner img {
  width: 100%;
  height: 100%;
  object-fit: cover;
  object-position: 80% 50%;
}
```

ಈಗ ಎಡದಿಂದ 56ರಿಂದ 86 ಪರ್ಸೆಂಟ್‌ವರೆಗಿನ ಭಾಗ ಕಾಣುತ್ತೆ. ಮನುಷ್ಯ ಬಂದ. ಆದರೆ ಮಂಜು ಕಡಿಮೆಯಾಗಿ, ಹೋಂಸ್ಟೇ ಹೆಸರು ಅವನ ಬೆನ್ನ ಮೇಲೆ ಬಂತು. ಫೋನಿಗೆ ಮಾತ್ರ ಹೆಸರನ್ನು ಚಿತ್ರದ ಕೆಳಗೆ ಇಳಿಸಿದೆವು.